ತೂಬಿನ ಹೂಳು ಯಾರು ತೆಗೀಬೇಕು? ದಶವಂದದ ಲೆಕ್ಕ

ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಪಾಪಿನಾಯಕನಹಳ್ಳಿ ಸಿಗುತ್ತದೆ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು. ಕಾಲುವೆ ನೀರು ಹತ್ತದ ಇಂಥ ಕಡೆ ಮಳೆನೀರನ್ನು ಏರಿ ಕಟ್ಟಿ ನಿಲ್ಲಿಸಿಕೊಳ್ಳುವುದೇ ಹಳೆಯ ದಾರಿ. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ನಾನು ಕೆರೆ ಶಾಸನ ಓದುವಾಗ ಮೊದಲು ಹುಡುಕುವುದು ಬೇರೆ: ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಯಾರಿಗೆ ಬಿತ್ತು?

ಒಂದು ಲೆಕ್ಕ ಹಾಕೋಣ. ಅಂಕಿಗಳು ಬರೀ ಉದಾಹರಣೆಗೆ. ಒಂದು ಕೆರೆಯ ಕೆಳಗೆ 100 ಎಕರೆ ಗದ್ದೆ, 50 ಮನೆ, ಮನೆಗೆ ಎರಡೆರಡು ಎಕರೆ. ತೂಬಿನ ಬಾಯಿಗೆ ಕಟ್ಟಿದ ಹೂಳು ತೆಗೆಯಲು ವರ್ಷಕ್ಕೆ 100 ಆಳಿನ ಕೆಲಸ ಬೇಕು, ಅಂದರೆ ಮನೆಗೆ ಎರಡು ಆಳು. ಒಬ್ಬ ತಪ್ಪಿಸಿಕೊಂಡರೂ 98 ಆಳಿನ ಕೆಲಸ ಆಗುತ್ತದೆ, ಅವನ ಗದ್ದೆಗೆ ನೀರು ಬಂದೇ ಬರುತ್ತದೆ. ಹಾಗಾದ್ರೆ ನಾನ್ಯಾಕೆ ಹೋಗ್ಲಿ ಅಂತ ಅವನು ಕೇಳುತ್ತಾನೆ. ಎಲ್ಲರೂ ಹಾಗೇ ಕೇಳಿದ ವರ್ಷ ತೂಬು ಮುಚ್ಚಿಹೋಗುತ್ತದೆ. ಅದರಲ್ಲೂ ತೂಬಿನ ಹತ್ತಿರದ ಗದ್ದೆಯವನಿಗೆ ಅರ್ಧ ಹೂಳಿದ್ದರೂ ನೀರು ಸಿಗುತ್ತದೆ. ಮೊದಲು ಒಣಗುವುದು ಕಾಲುವೆಯ ಕೊನೆಯವನ ಪೈರು. ಆದ್ದರಿಂದ ಕೂಗೆಬ್ಬಿಸುವವನೂ ಅವನೇ.

ಶಾಸನಗಳಲ್ಲಿ ಬರುವ ದಶವಂದ, ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಈ ಗಂಟನ್ನೇ ಬಿಡಿಸಲು ಹೊರಟಂಥವು. ಊರಿಂದ ಊರಿಗೆ ಅರ್ಥದಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ತಿರುಳು ಒಂದೇ: ಕೆರೆಯ ಕೆಳಗಿನ ಭೂಮಿಯ ಅಥವಾ ಬೆಳೆಯ ಒಂದು ಪಾಲನ್ನು ಕೆರೆಗಾಗಿಯೇ ತೆಗೆದಿಡುವುದು. ದಶವಂದ ಅಂದರೆ ಹತ್ತರಲ್ಲೊಂದು. ನಮ್ಮ ಲೆಕ್ಕದಲ್ಲಿ 10 ಎಕರೆ, ಕಂದಾಯ ಇಲ್ಲದ್ದು ಅಥವಾ ಕಡಿಮೆ ಇದ್ದದ್ದು. ಅದನ್ನು ಪಡೆದವನಿಗೆ ಕಂದಾಯದ ವಿನಾಯಿತಿಯೇ ಕೂಲಿ. ಕೆರೆ ಕೆಟ್ಟರೆ ಅವನ 10 ಎಕರೆಯೂ ಒಣಗುವುದು ದಂಡ. ಐವತ್ತು ಮನೆಯಲ್ಲಿ ಹಂಚಿಹೋಗಿದ್ದ ಹೊಣೆ ಹೀಗೆ ಒಂದು ಮನೆಯ ಬಾಗಿಲಿಗೆ ಬಂದು ನಿಂತಿತು. ಕೊನೆಗೆ ಬರುವ ಶಾಪದ ಮಾತು, ದತ್ತಿ ಅಳಿದವನಿಗೆ ಗೋಹತ್ಯೆಯ ಪಾಪ ಎನ್ನುವುದು, ಕಾವಲುಗಾರನಿಲ್ಲದ ಕಡೆ ಇಟ್ಟ ಕಾವಲು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಮಾದರಿ ಇದೆ. ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯನ್ನು ಹೊಸಪೇಟೆಯ ದಕ್ಷಿಣದ ರಾಯರ ಕೆರೆ ಎಂದು ಗುರುತಿಸುತ್ತಾರೆ. ಅದರ ಏರಿ ಕಟ್ಟುವಾಗ ಎರಡು ಮೂರು ಸಲ ಒಡೆಯಿತು ಎಂದು ಪೋರ್ಚುಗೀಸ್ ಪ್ರವಾಸಿ ಪಯಸ್ ಬರೆದಿದ್ದಾನೆ. ನೂನಿಜ್ ಹೇಳುವಂತೆ, ಅದರ ನೀರುಂಡ ಭೂಮಿಯನ್ನು ರಾಜ ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ. ಜನ ಗದ್ದೆ ತಿದ್ದಿಕೊಂಡರು, ಆದಾಯವೂ ಏರಿತು. ಈ ವಿನಾಯಿತಿ ಪ್ರತಿಯೊಬ್ಬನೂ ತನ್ನ ಗದ್ದೆ ತಿದ್ದಿಕೊಳ್ಳಲು ಸಾಕು. ಎಲ್ಲರದ್ದೂ ಆದ ಏರಿಗೆ ಮಣ್ಣು ಹಾಕಲು ಅದು ಯಾರನ್ನೂ ಎಳೆಯುವುದಿಲ್ಲ. ದಶವಂದಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ. ಈಗ ಆ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ.

ಹಾಗಂತ ದಶವಂದ ಪಕ್ಕಾ ವ್ಯವಸ್ಥೆ ಅಂದುಕೊಳ್ಳಬೇಡಿ. ಭೂಮಿ ಮಕ್ಕಳಿಗೆ ಪಾಲಾಗುತ್ತದೆ. ಮೂರು ತಲೆಮಾರು ಕಳೆದರೆ 10 ಎಕರೆಗೆ ಹತ್ತು ಜನ ವಾರಸುದಾರರು, ‘ನಾನ್ಯಾಕೆ’ ಎಂಬ ಪ್ರಶ್ನೆ ಮತ್ತೆ ಹಾಜರು. ಪಾಲು ಉಳಿದು ಹೊಣೆ ಕಳಚಿಕೊಳ್ಳುತ್ತದೆ. 1800ರಲ್ಲಿ ಬಳ್ಳಾರಿ ಸೀಮೆ ಇಂಗ್ಲಿಷ್ ಕಂಪನಿಗೆ ಸೇರಿತು. ರೈತರು ಕೂಡಿ ಮಾಡುತ್ತಿದ್ದ ರೂಢಿಯ ದುರಸ್ತಿ ಕೆಲಸವನ್ನು ಮದ್ರಾಸ್ ಸರಕಾರ 1858ರಲ್ಲಿ ಕಾನೂನಿನ ಕಡ್ಡಾಯ ಮಾಡಿತು. ಅದು ಬಹುಪಾಲು ಕಾಗದದಲ್ಲೇ ಉಳಿಯಿತು. ತಪ್ಪಿಸಿಕೊಂಡವನ ಮೇಲೆ ದೂರು ಕೊಡುವುದೂ ಯಾರೋ ಒಬ್ಬರು ಎಲ್ಲರ ಪರವಾಗಿ ಮಾಡಬೇಕಾದ ಕೆಲಸವೇ ಅಲ್ವಾ?

ಹಿಂದಿನವರಿಗೆ ಈ ತೊಡಕು ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನ ಕೆರೆಗೆ ಬರುವ ಆರು ದೋಷಗಳನ್ನು ಪಟ್ಟಿ ಮಾಡುತ್ತದೆ. ಏರಿ ಜಿನುಗುವುದು, ಚೌಳು ಮಣ್ಣು ಇವುಗಳ ಜೊತೆಗೇ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷ. ಮಣ್ಣು ಗಟ್ಟಿ, ನೀರು ಸಮೃದ್ಧ, ಆದರೂ ಕೆರೆ ಕೆಟ್ಟದ್ದು. ಯಾಕೆಂದರೆ ಅದಕ್ಕೆ ಒಬ್ಬ ಹೊಣೆಗಾರ ಇಲ್ಲ.

ಮುಂದಿನ ಸಲ ನಿಮಗೆ ಕೆರೆ ಶಾಸನ ಸಿಕ್ಕರೆ ದತ್ತಿ ಭೂಮಿ ಎಲ್ಲಿದೆ ಅಂತ ನೋಡಿ. ‘ಕೆರೆಯ ಕೆಳಗೆ’ ಎಂದಿದ್ದರೆ ಪಡೆದವನ ಊಟ ಕೆರೆಗೆ ಕಟ್ಟಿದೆ. ಬೇರೆ ಊರಿನ ಹೊಲವಾದರೆ ಕೆರೆ ಒಡೆದರೂ ಅವನ ಅಡುಗೆಮನೆ ನಿಲ್ಲುವುದಿಲ್ಲ.