ಅಡ್ವಾನ್ಸ್‌ನಲ್ಲಿ ಹಿಡಿದ ಹಣಕ್ಕೆ ಲೆಕ್ಕ ಕೇಳಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ರೂಢಿ. ಅಷ್ಟಕ್ಕೆ ಹೆಚ್ಚಿನವರು ಸಿದ್ಧರಾಗಿಯೇ ಇರುತ್ತಾರೆ. ಜಗಳ ಹುಟ್ಟುವುದು ಅದರ ಕೆಳಗೆ ಬರೆದ ಇನ್ನೊಂದು ಸಾಲಿನಿಂದ: ‘ರಿಪೇರಿ, ಕ್ಲೀನಿಂಗ್ ಇತ್ಯಾದಿ’.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ನ್ಯಾಯವಾದ ಬಳಕೆಯಿಂದಾದ ಸವೆತಕ್ಕೆ ಅವನು ಹೊಣೆಯಲ್ಲ. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಹೊಳಪು ಕಳೆದುಕೊಂಡ ನೆಲ ಇಂಥ ಸವೆತ. ಒಡೆದ ಗಾಜು ಅಲ್ಲ. ಇಲ್ಲೊಂದು ಮುಖ್ಯ ಮಿತಿಯಿದೆ: ಕರಾರಿನಲ್ಲಿ ಬೇರೆ ಮಾತು ಬರೆದಿದ್ದರೆ ಅಥವಾ ಆ ಊರಿನ ರೂಢಿ ಬೇರೆಯಿದ್ದರೆ ಅದೇ ಮೇಲುಗೈ. ಹಾಗಾಗಿ ಸಹಿ ಹಾಕಿದ ಪೇಂಟಿಂಗ್ ಷರತ್ತನ್ನು ಸವೆತದ ಹೆಸರಲ್ಲಿ ಅಲ್ಲಗಳೆಯುವುದು ಕಷ್ಟ.

ಒಂದು ಲೆಕ್ಕ ನೋಡೋಣ. ಬಾಡಿಗೆ 25,000 ರೂಪಾಯಿ, ಅಡ್ವಾನ್ಸ್ 1,50,000. ಮೂರು ವರ್ಷದ ಬಳಿಕ ಕೈಗೆ ಬಂದದ್ದು 1,02,000. ಪೇಂಟಿಂಗ್‌ಗೆ 25,000 ಹೋಯಿತು. ಉಳಿದ 23,000 ಆ ‘ಇತ್ಯಾದಿ’ಗೆ. ಬಾಡಿಗೆದಾರರು ಫೋನಿನಲ್ಲಿ ವಾದಿಸುವ ಬದಲು ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಬಹುದು: “ಸರ್, ಹಿಡಿದಿರುವ 23,000 ರೂಪಾಯಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ತಿಳಿಸಿ. ಬಿಲ್ಲು, ಫೋಟೊಗಳನ್ನೂ ಹತ್ತು ದಿನದೊಳಗೆ ಕಳಿಸಿ.”

ಉತ್ತರ ಬಂತೆನ್ನಿ: ಗೋಡೆಯ ಮೊಳೆ ತೂತುಗಳಿಗೆ ಪುಟ್ಟಿ 8,000, ಹೊಸ ಗೀಸರ್ 7,000, ವಾಶ್‌ಬೇಸಿನ್ 4,000, ಕ್ಲೀನಿಂಗ್ 4,000. ಬಿಡಿಸಿಟ್ಟ ಕೂಡಲೇ ಪೇಚು ಕಾಣುತ್ತದೆ. ಬಣ್ಣ ಬಳಿಯುವ ಮೊದಲು ತೂತು ಮುಚ್ಚಿ, ಉಜ್ಜಿ, ಪುಟ್ಟಿ ಹಚ್ಚುವುದು ಪೇಂಟರ್ ಕೆಲಸದ್ದೇ ಭಾಗ. ಪೇಂಟಿಂಗ್ ಹಣ ಪಡೆದ ಮೇಲೆ ಅದಕ್ಕೇ ಮತ್ತೆ 8,000 ಕೇಳಿದರೆ ಒಂದೇ ಕೆಲಸಕ್ಕೆ ಎರಡು ಸಲ ವಸೂಲಿ. ಗೀಸರ್ ಎಂಟು ವರ್ಷ ಹಳೆಯದು. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕಟ್ಟಿ ಕಾಯಿಲ್ ಸುಟ್ಟಿದ್ದರೆ ಅದು ಸವೆತವೇ. ರಿಪೇರಿ ಬಾಡಿಗೆದಾರರದ್ದೆಂದು ಕರಾರಿನಲ್ಲಿದ್ದರೂ, ಹಳೆಯದರ ಬದಲು ಹೊಸದನ್ನು ಕೊಡಿಸುವ ಹೊಣೆ ಅದರಿಂದ ತಾನಾಗಿ ಬರುವುದಿಲ್ಲ. ಬಾಟಲಿ ಬಿದ್ದು ಬಿರುಕು ಬಿಟ್ಟ ಬೇಸಿನ್ ಮಾತ್ರ ಬಾಡಿಗೆದಾರರ ತಲೆಗೇ. ಅದನ್ನು ಮೊದಲೇ ಒಪ್ಪಿಕೊಂಡರೆ ಉಳಿದ ಮಾತಿಗೆ ತೂಕ ಬರುತ್ತದೆ. ಕ್ಲೀನಿಂಗ್‌ಗೂ ಬಿಲ್ಲು ಇದ್ದರೆ ಕೊಡಬಹುದು. ವಾಪಸ್ ಕೇಳಬೇಕಾದದ್ದು 15,000.

ಮನೆಗೆ ಬಂದ ದಿನ ತೆಗೆದ ಫೋಟೊಗಳು ಇಲ್ಲದಿದ್ದರೆ ಈ ವಾದ ಸೊರಗುತ್ತದೆ. ಆದ್ದರಿಂದ ಬೀಗದ ಕೈ ಕೊಡುವ ಮುಂಚೆ ಮಾಲೀಕರ ಜತೆ ಕೋಣೆ ಕೋಣೆ ಸುತ್ತಿ, ಕಂಡ ಹಾನಿಯನ್ನು ಅಲ್ಲೇ ಬರೆದು ಇಬ್ಬರೂ ಸಹಿ ಹಾಕುವುದು ಒಳ್ಳೆಯದು. ಉತ್ತರವೇ ಬಾರದಿದ್ದರೆ ವಕೀಲರ ನೋಟಿಸು, ಆಮೇಲೆ ಹಣ ವಸೂಲಿ ದಾವೆ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇದೆ. 15,000ಕ್ಕಾಗಿ ಕೋರ್ಟು ಅಲೆಯುವುದು ದುಬಾರಿ. ಹಾಗಾಗಿ ಇಂಥ ಎಷ್ಟೋ ತಕರಾರುಗಳು ನೋಟಿಸಿಗೂ ಮೊದಲೇ, ಬಿಲ್ಲು ಎದುರಿಟ್ಟುಕೊಂಡ ಮಾತುಕತೆಯಲ್ಲೇ ಇತ್ಯರ್ಥವಾಗುವುದು ಇಬ್ಬರಿಗೂ ಲಾಭ.