ಬಿಡಿ ಮಾತ್ರೆಯ ಗುರುತು ಹಿಡಿಯುವ ಬಗೆ

ಅಮೆರಿಕದ ಔಷಧ ಅಂಗಡಿಗಳಲ್ಲಿ ಸಿಗುವ ಎರಡು ಮಾತ್ರೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಬಿಳಿ, ಎರಡೂ ಕ್ಯಾಪ್ಸೂಲಿನಂತೆ ಉದ್ದುದ್ದ. ಒಂದರ ಮೇಲೆ L484 ಎಂದಿದೆ, ಇನ್ನೊಂದರ ಮೇಲೆ M367. ಮೊದಲನೆಯದು ಜ್ವರ, ಮೈಕೈ ನೋವಿಗೆ ಚೀಟಿಯಿಲ್ಲದೆ ಸಿಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್. ಎರಡನೆಯದರಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಜೊತೆಗೆ 10 ಮಿಲಿಗ್ರಾಂ ಹೈಡ್ರೊಕೊಡೋನ್ ಇದೆ. ಅದು ಅಫೀಮಿನ ಗುಂಪಿಗೆ ಸೇರಿದ, ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ನೋವಿನ ಔಷಧ. ಡಬ್ಬಿ ಕಳೆದುಹೋಗಿ ಒಂದೇ ಒಂದು ಮಾತ್ರೆ ಡ್ರಾಯರಿನಲ್ಲಿ ಉಳಿದಿದ್ದರೆ, ಬಣ್ಣ ಮತ್ತು ಆಕಾರ ನೋಡಿ ಇವೆರಡನ್ನು ಬೇರೆ ಮಾಡಲು ಯಾರಿಂದಲೂ ಆಗದು. ಬೇರೆ ಮಾಡುವುದು ಆ ನಾಲ್ಕು ಅಕ್ಷರಗಳು ಮಾತ್ರ.

ಆ ಅಕ್ಷರಗಳು ಅಲಂಕಾರಕ್ಕೆ ಬಂದವಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1993ರಲ್ಲಿ ಒಂದು ನಿಯಮ ಹೊರಡಿಸಿತು. 1995ರಿಂದ ಅದು ಜಾರಿಯಲ್ಲಿದೆ. ನುಂಗುವ ಮಾತ್ರೆ, ಕ್ಯಾಪ್ಸೂಲುಗಳ ಮೇಲೆ ಒಂದು ಗುರುತು ಇರಲೇಬೇಕು, ಮತ್ತು ಆ ಗುರುತನ್ನು ಗಾತ್ರ, ಆಕಾರ, ಬಣ್ಣಗಳ ಜೊತೆ ಸೇರಿಸಿ ನೋಡಿದಾಗ ಔಷಧ ಯಾವುದು, ಎಷ್ಟು ಪ್ರಮಾಣದ್ದು, ಯಾವ ಕಂಪನಿಯದು ಎಂಬುದು ಒಂದೇ ಉತ್ತರಕ್ಕೆ ಬರಬೇಕು ಎನ್ನುತ್ತದೆ ಅದು. ಕೆಲವು ವಿನಾಯಿತಿಗಳಿವೆ. ವಿಟಮಿನ್‌ನಂಥ ಪೂರಕಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಗಮನಿಸಬೇಕಾದ ಮಾತು ‘ಜೊತೆ ಸೇರಿಸಿ’ ಎಂಬುದು. ಗುರುತು ಒಂದೇ ಸಾಕಾಗಬೇಕು ಎಂದು ಕಾನೂನು ಹೇಳಿಲ್ಲ. ಹಾಗಾಗಿ ಒಂದೇ ಗುರುತು ಎರಡು ಔಷಧಗಳ ಮೇಲೆ ಇರುವುದು ಸಾಧ್ಯ, ಇದ್ದೂ ಇದೆ.

ಅಂಥದೊಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಕೈಯಲ್ಲಿರುವ ದುಂಡು ಮಾತ್ರೆಯ ಒಂದು ಬದಿಯಲ್ಲಿ ಚೌಕದೊಳಗೆ M ಇದೆ, ಇನ್ನೊಂದು ಬದಿಯಲ್ಲಿ 30. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಡೈಲಿಮೆಡ್ ಎಂಬ ಭಂಡಾರದಲ್ಲಿ ಪ್ರತಿ ಮಾತ್ರೆಗೂ ಬಣ್ಣ, ಆಕಾರ, ಮಿಲಿಮೀಟರಿನಲ್ಲಿ ಗಾತ್ರ, ಮುರಿಯುವ ಗೆರೆ ಮತ್ತು ಗುರುತು ದಾಖಲಾಗಿರುತ್ತವೆ. ಗುರುತಿನ ಬಿಡಿ ಭಾಗಗಳ ನಡುವೆ ಅರ್ಧವಿರಾಮ ಹಾಕಿ `M;30` ಎಂದು ಬರೆಯುವುದು ಅಲ್ಲಿನ ಪದ್ಧತಿ. ಚೌಕ ಅಕ್ಷರವಲ್ಲವಾದ್ದರಿಂದ ಹುಡುಕುವಾಗ ಅದನ್ನು ಬಿಟ್ಟುಬಿಡಬೇಕು. ಹೀಗೆ ಹುಡುಕಿದರೆ ಮ್ಯಾಲಿಂಕ್ರಾಡ್ ಎಂಬ ಕಂಪನಿ ಹೆಸರು ಮಾಡಿದ ಎರಡು ಔಷಧಗಳು ಎದುರಾಗುತ್ತವೆ. ಎರಡೂ ದುಂಡು, ಎರಡೂ 30 ಮಿಲಿಗ್ರಾಂ. ಈಗ ಬಣ್ಣ ತೀರ್ಪು ಕೊಡಬೇಕು. ನೀಲಿಯಾದರೆ ಆಕ್ಸಿಕೊಡೋನ್, ನೇರಳೆಯಾದರೆ ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್. ಮೊದಲನೆಯದರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಎರಡನೆಯದು ಅರ್ಧ ದಿನದ ತನಕ ಮೈಯಲ್ಲಿ ಇಳಿಯುತ್ತಲೇ ಇರುತ್ತದೆ; ಪುಡಿ ಮಾಡಿದರೆ ಅಷ್ಟೂ ಒಮ್ಮೆಲೇ ಇಳಿದು ಜೀವಕ್ಕೆ ಅಪಾಯ.

ಇಲ್ಲಿ 30 ಎಂಬುದು ಪ್ರಮಾಣವೇ ಆಗಿತ್ತು. ಹಾಗೆಂದು ಎಲ್ಲ ಅಂಕಿಗಳನ್ನೂ ಪ್ರಮಾಣವೆಂದು ಓದಬಾರದು. L484ರಲ್ಲಿರುವ 484, M367ರಲ್ಲಿರುವ 367 ಕಂಪನಿಯ ಒಳಗಿನ ಉತ್ಪನ್ನ ಸಂಖ್ಯೆಗಳು. IP 465 ಎಂದಿರುವ ಬಿಳಿ ಮಾತ್ರೆಯಲ್ಲಿ ಐಬುಪ್ರೊಫೆನ್ ಇರುವುದು 600 ಮಿಲಿಗ್ರಾಂ. ಅಂಕಿ ನೋಡಿ ಡೋಸ್ ಊಹಿಸುವುದೇ ಈ ಹುಡುಕಾಟದಲ್ಲಿ ಜನ ಮಾಡುವ ಅತ್ಯಂತ ಅಪಾಯಕಾರಿ ತಪ್ಪು ಎಂಬುದು ನನ್ನ ಅಭಿಪ್ರಾಯ.

ಗುರುತನ್ನು ತಪ್ಪಾಗಿ ಓದುವುದೂ ಇದೆ. ಅದಕ್ಕೆ ಕಾರಣ ಬರೀ ಮಂದ ದೃಷ್ಟಿಯಲ್ಲ, ಮಾತ್ರೆ ಹುಟ್ಟುವ ರೀತಿಯಲ್ಲೇ ಇದೆ. ಔಷಧದ ಪುಡಿಯನ್ನು ಉಕ್ಕಿನ ಅಚ್ಚಿಗೆ ಸುರಿದು, ಮೇಲಿನಿಂದಲೂ ಕೆಳಗಿನಿಂದಲೂ ಪಂಚ್‌ಗಳು ಒತ್ತುತ್ತವೆ. ಪಂಚಿನ ತುದಿಯಲ್ಲಿ ಉಬ್ಬಿರುವ ಅಕ್ಷರ ಮಾತ್ರೆಯಲ್ಲಿ ತಗ್ಗಾಗಿ ಮೂಡುತ್ತದೆ. A, B, R, 6, 8, 9ರಂಥ ಅಕ್ಷರ, ಅಂಕಿಗಳ ಒಳಗೆ ಸುತ್ತುವರಿದ ಸಣ್ಣ ಜಾಗವಿರುತ್ತದಲ್ಲ, ಪುಡಿ ಅಲ್ಲಿ ಪಂಚಿಗೆ ಅಂಟಿಕೊಂಡು ಕಿತ್ತುಬರುತ್ತದೆ. ತಯಾರಿಕೆಯವರಿಗೆ ಇದು ಹಳೆಯ ತಲೆನೋವು. ಮೇಲೆ ಬಣ್ಣದ ಲೇಪ ಹಾಕಿದರೆ ಅದು ತಗ್ಗಿನಲ್ಲಿ ತುಂಬಿಕೊಂಡು ಗೆರೆಗಳ ಅಂಚು ಇನ್ನಷ್ಟು ಮಾಸುತ್ತದೆ. ಹೀಗಾಗಿ 8 ಮತ್ತು B, 0 ಮತ್ತು O, 5 ಮತ್ತು S ಕಲಸಿಹೋಗುತ್ತವೆ. ದುಂಡು ಮಾತ್ರೆಗೆ ಮೇಲು ಕೆಳಗು ಎಂಬುದಿಲ್ಲವಾದ್ದರಿಂದ 6 ಯಾವುದು, 9 ಯಾವುದು ಎಂಬ ಪ್ರಶ್ನೆ ಬೇರೆ. ಮಾತ್ರೆಯನ್ನು ಬಿಳಿ ಕಾಗದದ ಮೇಲಿಟ್ಟು ಟಾರ್ಚನ್ನು ನೆತ್ತಿಯ ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟರೆ ತಗ್ಗುಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಎರಡೂ ಬದಿ ನೋಡಬೇಕು, ಸಂಶಯವಿರುವ ಅಂಕಿಯನ್ನು ಎರಡು ರೀತಿಯಲ್ಲೂ ಹುಡುಕಬೇಕು. ಅರ್ಧಕ್ಕೆ ಮುರಿದ ಮಾತ್ರೆಯಲ್ಲಿ ಅರ್ಧ ಗುರುತೇ ಉಳಿದಿರುತ್ತದೆ. ಅದನ್ನು ಪೂರ್ತಿ ಗುರುತೆಂದು ಹುಡುಕಿದರೆ ಬೇರೆಯೇ ಔಷಧದ ಹೆಸರು ಬಂದುಬಿಡಬಹುದು.

ಬಣ್ಣವನ್ನು ಕೊನೆಯ ಸಾಕ್ಷಿಯಾಗಿ ಕರೆಯುವುದು ಒಳ್ಳೆಯದು. ಹಳದಿ ಬಲ್ಬಿನಡಿ ಬಿಳಿ ಮಾತ್ರೆ ಕೆನೆಬಣ್ಣವಾಗಿ ಕಾಣುತ್ತದೆ. ಬೆವರಿದ ಅಂಗೈಯಲ್ಲಿ ಲೇಪ ಕರಗಿ ಮಸುಕಾಗುತ್ತದೆ. ದೇಶ ಬದಲಾದರೆ ಬಣ್ಣದ ಅರ್ಥವೂ ಬದಲಾಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಗಳಿಗೆ ಅಮೆರಿಕದಲ್ಲಿ ಪ್ರಮಾಣಕ್ಕೊಂದು ಬಣ್ಣದ ರೂಢಿಯಿದೆ, ಬ್ರಿಟನ್ನಿನಲ್ಲೂ ಇದೆ, ಆದರೆ ಎರಡೂ ಒಂದೇ ಅಲ್ಲ. ಅಮೆರಿಕದ ಗುಲಾಬಿ ಮಾತ್ರೆ 1 ಮಿಲಿಗ್ರಾಂ, ಬ್ರಿಟನ್ನಿನ ಗುಲಾಬಿ ಮಾತ್ರೆ 5 ಮಿಲಿಗ್ರಾಂ. ಬಣ್ಣ ನಂಬಿ ನುಂಗಿದವರಿಗೆ ಐದು ಪಟ್ಟು ಹೆಚ್ಚು ಔಷಧ ಹೋಗಿ, ನಿಲ್ಲದ ರಕ್ತಸ್ರಾವವಾಗಬಹುದು.

ಮೂರೂ ಸಾಕ್ಷಿಗಳು ಕೂಡಿಬಂದರೂ ಒಂದು ಮಿತಿ ಉಳಿಯುತ್ತದೆ. ಗುರುತು ಹೇಳುವುದು ಈ ಮಾತ್ರೆ ಏನಾಗಿರಬೇಕಿತ್ತು ಎಂಬುದನ್ನು. ಒಳಗೆ ಏನಿದೆ ಎಂಬುದನ್ನಲ್ಲ. ಮೇಲೆ ಹೇಳಿದ ನೀಲಿ M 30 ಮಾತ್ರೆಯ ನಕಲಿಗಳು ಅಮೆರಿಕದ ಬೀದಿಗಳಲ್ಲಿ ಹೇರಳ. ಅವುಗಳಲ್ಲಿ ಆಕ್ಸಿಕೊಡೋನ್ ಬದಲು ಫೆಂಟನಿಲ್ ಇರುತ್ತದೆ. ಅದು 2 ಮಿಲಿಗ್ರಾಂನಷ್ಟಿದ್ದರೂ ಸಾವು ತರಬಹುದು ಎಂದು ಅಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ. ಅಸಲಿ ಪಂಚಿನಂಥದ್ದೇ ಪಂಚು ಮಾಡಿಸಿ ಒತ್ತಿದ ನಕಲಿಯನ್ನು ಕಣ್ಣು ಹಿಡಿಯಲಾರದು, ಪ್ರಯೋಗಾಲಯವೇ ಹಿಡಿಯಬೇಕು.

ನಮ್ಮಲ್ಲಿಯ ಸ್ಥಿತಿ ಬೇರೆ. ಭಾರತದಲ್ಲಿ ಮಾತ್ರೆಯ ಮೈಮೇಲೆ ಇಂಥ ಗುರುತು ಕಡ್ಡಾಯವಿಲ್ಲ. ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಎಲ್ಲವೂ ಸ್ಟ್ರಿಪ್ಪಿನ ಮೇಲೆ. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡುಗಳಿಗೆ ಕಡ್ಡಾಯವಾದ ಕ್ಯೂಆರ್ ಕೋಡ್ ಕೂಡ ಪ್ಯಾಕಿನ ಮೇಲೆಯೇ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ಹಿರಿಯರು ಬಿಪಿ, ಶುಗರ್ ಮಾತ್ರೆಗಳನ್ನೆಲ್ಲ ಬಿಡಿಸಿ ವಾರದ ಡಬ್ಬಿಗೆ ತುಂಬಿಕೊಂಡು ಹೋದರೆ, ಅಲ್ಲಿನ ಭಂಡಾರದಲ್ಲಿ ಅವುಗಳ ಸುಳಿವೇ ಸಿಗದಿರಬಹುದು. ಮೊಮ್ಮಗು ಒಂದನ್ನು ಬಾಯಿಗೆ ಹಾಕಿಕೊಂಡರೆ ಗುರುತು ಹುಡುಕುತ್ತ ಕೂರುವ ಸಮಯವಲ್ಲ ಅದು. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ, ಉಸಿರಾಟ ಕಷ್ಟವಾಗಿದ್ದರೆ 911ಕ್ಕೆ, ಇಲ್ಲವಾದರೆ ಅಲ್ಲಿನ ವಿಷ ಮಾಹಿತಿ ಕೇಂದ್ರದ 1-800-222-1222ಕ್ಕೆ ತಕ್ಷಣ ಕರೆ ಮಾಡಬೇಕು. ಆ ಕರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲೊಂದು ಔಷಧದ ಹೆಸರು. ಮಾತ್ರೆಯ ಮೇಲೆ ಏನೂ ಇಲ್ಲದಿದ್ದಾಗ ಉತ್ತರ ಇರುವುದು ಸ್ಟ್ರಿಪ್ಪಿನ ಹಿಂಬದಿಯಲ್ಲಿ. ಡಬ್ಬಿ ತುಂಬುವ ಮೊದಲು ಆ ಹಿಂಬದಿಯದೊಂದು ಫೋಟೊ ತೆಗೆದು ಮನೆಯ ಎಲ್ಲರ ಫೋನಿಗೂ ಕಳಿಸಿಡಬೇಕು.