ತೀರ್ಮಾನ ಮೊದಲು, ಹಿನ್ನೆಲೆ ಆಮೇಲೆ

ನಲವತ್ತು ಇ-ಮೇಲ್‌ಗಳ ಸರಣಿಯನ್ನು ಮೇಲಧಿಕಾರಿಗೆ ಫಾರ್ವರ್ಡ್ ಮಾಡಿ, "ದಯವಿಟ್ಟು ಗಮನಿಸಿ" ಎಂದಷ್ಟೇ ಬರೆದರೆ ಕೆಲಸ ಮುಂದೆ ಸಾಗದು. ಅವರಿಂದ ಏನು ಬೇಕೆಂಬುದು ಮೊದಲ ಸಾಲಿನಲ್ಲೇ ಕಾಣಬೇಕು.

ಕಾರ್ಖಾನೆಯೊಂದಕ್ಕೆ ಬರಬೇಕಾದ ಮೋಟಾರು ಮೂರು ವಾರ ತಡವಾಗಲಿದೆ ಎಂದುಕೊಳ್ಳಿ. ಖರೀದಿ, ಉತ್ಪಾದನೆ, ಹಣಕಾಸು ವಿಭಾಗಗಳು ವಾರವಿಡೀ ಪತ್ರ ಬರೆದುಕೊಂಡಿವೆ. ಸಾರಾಂಶ ಹೀಗೆ ಶುರುವಾಗಲಿ: "ಶುಕ್ರವಾರ ಸಂಜೆ 5ರೊಳಗೆ ನಿಮ್ಮ ಒಪ್ಪಿಗೆ ಬೇಕು. 4 ಲಕ್ಷ ರೂಪಾಯಿ ಹೆಚ್ಚು ಕೊಟ್ಟು ಬೇರೆಯವರಿಂದ ಮೋಟಾರು ತರಿಸೋಣವೇ? ನಮ್ಮ ಶಿಫಾರಸು: ತರಿಸೋಣ. ಇಲ್ಲವಾದರೆ ಉತ್ಪಾದನೆ ಮೂರು ವಾರ ನಿಲ್ಲುತ್ತದೆ. ಹಣಕಾಸು ವಿಭಾಗದ ಆಕ್ಷೇಪವಿದೆ: ಈ ಖರ್ಚು ಬಜೆಟ್‌ನಲ್ಲಿಲ್ಲ." ಹಿನ್ನೆಲೆ ಇದರ ಕೆಳಗೆ ಬರಲಿ.

ಇದನ್ನು ಬರೆಯುವ ಮುನ್ನ ಸರಣಿಯನ್ನು ಹಳೆಯ ಪತ್ರದಿಂದಲೇ ಓದಬೇಕು. ಸೋಮವಾರ 3 ಲಕ್ಷ ಎಂದಿದ್ದ ದರ ಬುಧವಾರ 4 ಲಕ್ಷವಾಗಿರಬಹುದು. ಯಾರೋ ಹಳೆಯ ಪತ್ರಕ್ಕೇ ಉತ್ತರಿಸಿ ಒಪ್ಪಿಗೆ ಸೂಚಿಸಿರಬಹುದು. ಆ ಒಪ್ಪಿಗೆ 3 ಲಕ್ಷಕ್ಕೆ ಮಾತ್ರ. ಭಿನ್ನಾಭಿಪ್ರಾಯವನ್ನು "ಚರ್ಚೆ ನಡೆದಿದೆ" ಎಂದು ತೇಲಿಸಲೂಬಾರದು.

ಕಳುಹಿಸುವ ಮೊದಲು, ಸರಣಿ ಓದದ ಸಹೋದ್ಯೋಗಿಗೆ ಮೇಲಿನ ಸಾಲುಗಳನ್ನಷ್ಟೇ ತೋರಿಸಿ. ಯಾರು, ಯಾವಾಗ, ಏನು ನಿರ್ಧರಿಸಬೇಕೆಂದು ಅವರು ಹೇಳಲಾರದಿದ್ದರೆ ಮತ್ತೆ ಬರೆಯಿರಿ.